ಒಂದೇ ಖಾತೆ, ಮೂರು ಪೆಟ್ಟಿಗೆ

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳು ಫೋನ್ ಮಾಡಿದಳು. "ದೊಡ್ಡಮ್ಮ, ನಮ್ಮ ಮಿಸ್‌ಗೆ ನಮ್ಮನೆಯಿಂದ ಎರಡು ಉತ್ತರ ಹೋಗಿದೆ. ಒಂದರಲ್ಲಿ ಬರ್ತೀನಿ ಅಂತಿದೆ, ಇನ್ನೊಂದರಲ್ಲಿ ಬರಲ್ಲ ಅಂತಿದೆ." ಅಳು ಗಂಟಲಿಗೆ ಬಂದಿತ್ತು.

ಆದದ್ದು ಇಷ್ಟು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಬರುತ್ತೀಯಾ ಎಂದು ಕೇಳಿ ಟೀಚರ್ ನನ್ನ ತಂಗಿಯ ಇಮೇಲಿಗೆ ಬರೆದಿದ್ದರು. ಸಂಜೆ ಮಗಳು ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಖಾತೆ ತೆರೆದು, "ಬರುತ್ತೇನೆ, ಮಳೆಮಾಪಕದ ಮಾದರಿ ತರುತ್ತೇನೆ" ಎಂದು ಉತ್ತರ ಕಳಿಸಿದಳು. ಅಮ್ಮನಿಗೆ ಹೇಳಲು ಮರೆತಳು. ಮರುದಿನ ಅಮ್ಮ ಫೋನ್ ನೋಡಿದರೆ ಟೀಚರ ಪತ್ರವಿದೆ, ಉತ್ತರ ಹೋದ ಗುರುತೇ ಇಲ್ಲ. ಆ ವಾರ ಊರಿಗೆ ಹೋಗುವುದಿತ್ತು. "ಕ್ಷಮಿಸಿ, ಬರಲಾಗುವುದಿಲ್ಲ" ಎಂದು ಅವಳೂ ಬರೆದಳು.

ಖಾತೆ ಒಂದೇ. ಹೆಸರು ಒಂದೇ, ಪಾಸ್‌ವರ್ಡ್ ಒಂದೇ. ಹಾಗಿದ್ದರೆ ಲ್ಯಾಪ್‌ಟಾಪಿನಲ್ಲಿ ಇರುವುದು ಫೋನಿನಲ್ಲಿ ಏಕಿಲ್ಲ?

ನಾವು ಖಾತೆಯನ್ನು ಒಂದು ಕೋಣೆ ಎಂದುಕೊಂಡಿರುತ್ತೇವೆ. ಫೋನ್ ಅದಕ್ಕೊಂದು ಕಿಟಕಿ, ಲ್ಯಾಪ್‌ಟಾಪ್ ಇನ್ನೊಂದು ಕಿಟಕಿ, ಎಲ್ಲಿಂದ ಇಣುಕಿದರೂ ಕಾಣುವುದು ಅದೇ ಕೋಣೆ. ನಿಜ ಹಾಗಿಲ್ಲ. ಪತ್ರಗಳ ಪೆಟ್ಟಿಗೆ ಮೂರು ಕಡೆ ಇದೆ: ದೂರದ ಸರ್ವರಿನಲ್ಲಿ ಒಂದು, ಫೋನಿನಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಒಂದು. ಸರ್ವರ್ ಎಂದರೆ ಹಗಲೂ ರಾತ್ರಿ ಓಡುತ್ತಿರುವ, ನಮ್ಮ ಪತ್ರಗಳನ್ನು ಇಟ್ಟುಕೊಂಡಿರುವ ಇನ್ನೊಂದು ಕಂಪ್ಯೂಟರ್. ಫೋನಿಗೂ ಲ್ಯಾಪ್‌ಟಾಪಿಗೂ ನೇರ ಮಾತುಕತೆಯೇ ಇಲ್ಲ. ಎರಡೂ ಸರ್ವರನ್ನೇ ಕೇಳಬೇಕು, ಸರ್ವರಿಗೇ ಹೇಳಬೇಕು.

ಹೇಗೆ ಕೇಳುತ್ತವೆ? ಅದು ತುಂಬ ಚೆಂದದ ಉಪಾಯ. ಸರ್ವರ್ ತನ್ನಲ್ಲಿರುವ ಪ್ರತಿ ಪತ್ರಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟಿರುತ್ತದೆ. ಹೊಸ ಪತ್ರ ಬಂದಂತೆ ಸಂಖ್ಯೆ ಏರುತ್ತ ಹೋಗುತ್ತದೆ. ನಡುವಿನ ಪತ್ರ ಅಳಿಸಿದರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡುವುದಿಲ್ಲ. ಫೋನಿನ ಬಳಿ 2140ರವರೆಗಿನ ಪತ್ರಗಳಿವೆ ಎನ್ನಿ. ಅದು ಸರ್ವರಿಗೆ "2141ರಿಂದ ಮುಂದೆ ಏನಾದರೂ ಬಂದಿದೆಯೇ?" ಎಂದು ಕೇಳುತ್ತದೆ. ಬಂದಿದ್ದರೆ ಅಷ್ಟನ್ನೇ ತರಿಸಿಕೊಳ್ಳುತ್ತದೆ. ಎಲ್ಲವನ್ನೂ ಮೊದಲಿನಿಂದ ಹೋಲಿಸಿ ನೋಡುವ ಕಷ್ಟವಿಲ್ಲ. ಪೆಟ್ಟಿಗೆಗಳನ್ನು ಹೀಗೆ ಒಂದೇ ಸಮ ಮಾಡುವುದಕ್ಕೆ ಸಿಂಕ್ ಎನ್ನುತ್ತಾರೆ.

ಈ ಉಪಾಯ ನಡೆಯಬೇಕಾದರೆ ಒಂದು ಷರತ್ತಿದೆ. ಪತ್ರ ಸರ್ವರಿನಲ್ಲಿ ಇರಬೇಕು. ಅಲ್ಲಿಲ್ಲದ್ದಕ್ಕೆ ಸಂಖ್ಯೆಯಿಲ್ಲ. ಸಂಖ್ಯೆಯಿಲ್ಲದ್ದನ್ನು ಫೋನ್ ಹೇಗೆ ಕೇಳೀತು?

ಇನ್ನು ನಮ್ಮ ಹುಡುಗಿ `Send` ಒತ್ತಿದಾಗ ಏನಾಯಿತು ನೋಡೋಣ. ಕಳಿಸುವುದು ಬೇರೆ ಕೆಲಸ, ಕಳಿಸಿದ್ದರ ನಕಲನ್ನು ಎತ್ತಿಡುವುದು ಬೇರೆ ಕೆಲಸ. ಕೆಂಪು ಡಬ್ಬಿಗೆ ಕಾಗದ ಹಾಕಿದರೆ ಅದು ಅಜ್ಜಿಗೆ ತಲುಪುತ್ತದೆ, ಆದರೆ ನಿಮ್ಮ ಬಳಿ ಅದರ ನಕಲು ಉಳಿಯಬೇಕಾದರೆ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕಲ್ಲವೇ, ಹಾಗೆ. ಅವಳ ಉತ್ತರ ಟೀಚರಿಗೆ ಸರಿಯಾಗಿಯೇ ತಲುಪಿತು. ನಕಲು ಮಾತ್ರ ಸರ್ವರಿನ `Sent` ಕಡತಕ್ಕೆ ಹೋಗದೆ ಲ್ಯಾಪ್‌ಟಾಪಿನೊಳಗೇ ಉಳಿಯಿತು.

ಕಾರಣ ಹುಡುಕಲು ನಾನು ಅವಳಿಗೆ ಒಂದೇ ಕೆಲಸ ಹೇಳಿದೆ. "ಬ್ರೌಸರ್ ತೆಗೆದು, ಇಮೇಲ್ ಸೇವೆಯ ಜಾಲತಾಣಕ್ಕೇ ಹೋಗಿ ಲಾಗಿನ್ ಆಗು ಪುಟ್ಟಿ. ಅಲ್ಲಿ `Sent` ನೋಡು." ಬ್ರೌಸರಿನಲ್ಲಿ ಕಾಣುವುದು ಸರ್ವರಿನ ಪೆಟ್ಟಿಗೆಯೇ. ಉತ್ತರ ಅಲ್ಲಿದ್ದರೆ ಫೋನ್ ಇನ್ನೂ ಕೇಳಿಲ್ಲ ಎಂದರ್ಥ. ನೆಟ್‌ವರ್ಕ್ ಇಲ್ಲದಿರಬಹುದು, ಸಿಂಕ್ ಆಫ್ ಆಗಿರಬಹುದು. ಉತ್ತರ ಅಲ್ಲೂ ಇಲ್ಲದಿದ್ದರೆ ತೊಡಕು ಲ್ಯಾಪ್‌ಟಾಪಿನಲ್ಲಿ.

"ಇಲ್ಲ ದೊಡ್ಡಮ್ಮ, ಇಲ್ಲೂ ಇಲ್ಲ."

ಲ್ಯಾಪ್‌ಟಾಪಿನ ಮೇಲ್ ತಂತ್ರಾಂಶದ ಸೆಟ್ಟಿಂಗ್ಸ್ ತೆಗೆಸಿದೆ. ಪತ್ರ ತರುವ ಸರ್ವರಿನ ಹೆಸರು `pop.` ಎಂದು ಶುರುವಾಗಿತ್ತು, ಪೋರ್ಟ್ ಸಂಖ್ಯೆ `995`. ಅಲ್ಲಿಗೆ ಗುಟ್ಟು ಸಿಕ್ಕಿತು.

ಪಾಪ್ ಎಂಬುದು 1984ರಲ್ಲಿ ಮೊದಲು ಪ್ರಕಟವಾದ ನಿಯಮ. ಒಬ್ಬರು ಒಂದೇ ಕಂಪ್ಯೂಟರಿನಲ್ಲಿ ಪತ್ರ ಓದುತ್ತಾರೆ ಎಂದುಕೊಂಡರೆ ಅದು ಸರಳ, ಸಾಕಾದದ್ದು. ಸರ್ವರಿನಿಂದ ಬಂದ ಪತ್ರ ಇಳಿಸಿಕೊಳ್ಳುವುದಷ್ಟೇ ಅದಕ್ಕೆ ಗೊತ್ತು. `Sent` ಎಂಬ ಕಡತವೇ ಅದಕ್ಕೆ ತಿಳಿಯದು. ಎರಡು ವರ್ಷದ ನಂತರ, 1986ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಬೇರೊಂದು ನಿಯಮ ರೂಪಿಸಿದರು. ಅದು ಐಮ್ಯಾಪ್. ಇದರಲ್ಲಿ ಅಸಲು ಪೆಟ್ಟಿಗೆ ಸರ್ವರಿನಲ್ಲೇ ಇರುತ್ತದೆ. ನಾನು ಮೇಲೆ ಹೇಳಿದ ಕ್ರಮಸಂಖ್ಯೆಯ ಲೆಕ್ಕ ಈ ಐಮ್ಯಾಪಿನದ್ದೇ. ಪತ್ರದ ಪಕ್ಕ "ಇದಕ್ಕೆ ಉತ್ತರ ಕೊಟ್ಟಾಗಿದೆ" ಎಂದು ತೋರುವ ಪುಟ್ಟ ಬಾಣವಿರುತ್ತದಲ್ಲ, ಆ ಗುರುತನ್ನೂ ಐಮ್ಯಾಪ್ ಸರ್ವರಿನಲ್ಲಿ ಬರೆದಿಡುತ್ತದೆ. ಆ ಬಾಣವೊಂದು ಫೋನಿನಲ್ಲಿ ಕಂಡಿದ್ದರೆ ನನ್ನ ತಂಗಿ ಎರಡನೆಯ ಉತ್ತರ ಬರೆಯುತ್ತಲೇ ಇರಲಿಲ್ಲ.

ಸರಿಪಡಿಸಲು ಹೊರಟಾಗ ಹುಡುಗಿ ಹಳೆಯ ಖಾತೆಯನ್ನು ಲ್ಯಾಪ್‌ಟಾಪಿನಿಂದ ತೆಗೆದುಹಾಕುವವಳಿದ್ದಳು. "ತಡಿ, ತಡಿ!" ಎಂದೆ. ಆ ಉತ್ತರ ಇದ್ದದ್ದು ಅಲ್ಲಿ ಮಾತ್ರ. ಅದರ ಜೊತೆ ಎರಡು ವರ್ಷದಿಂದ ಲ್ಯಾಪ್‌ಟಾಪಿನಿಂದ ಕಳಿಸಿದ್ದೆಲ್ಲವೂ. ಮೊದಲು ಅದೇ ಇಮೇಲನ್ನು `imap.` ಸರ್ವರ್, `993` ಪೋರ್ಟ್ ಕೊಟ್ಟು ಇನ್ನೊಮ್ಮೆ ಸೇರಿಸಿದೆವು. ಆಮೇಲೆ ಹಳೆಯ `Sent` ಪತ್ರಗಳನ್ನು ಹೊಸ `Sent`ಗೆ ಎಳೆದು ಹಾಕಿದೆವು. ಸ್ವಲ್ಪ ಹೊತ್ತಿನಲ್ಲಿ ಅಮ್ಮನ ಫೋನಿನಲ್ಲಿ ಮಳೆಮಾಪಕದ ಪತ್ರ ಕಾಣಿಸಿತು.

"ಇನ್ನು ಯಾವತ್ತೂ ಎರಡೆರಡು ಆಗಲ್ಲ ಅಲ್ವಾ?" ಎಂದು ಕೇಳಿದಳು. ಹಾಗೆ ಮಾತು ಕೊಡಲು ಆಗುವುದಿಲ್ಲ, ಏಕೆಂದರೆ ಇಬ್ಬರೂ ಒಟ್ಟಿಗೆ ಬರೆಯುವ ಸಂದರ್ಭ ಇನ್ನೂ ಉಳಿದಿದೆ.

ಅರ್ಧ ಬರೆದಿಟ್ಟ ಉತ್ತರವೊಂದು `Drafts`ನಲ್ಲಿದೆ, ಅದರ ಸಂಖ್ಯೆ 52 ಎಂದುಕೊಳ್ಳಿ. ಅಮ್ಮ ಬಸ್ಸಿನಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ, ಫೋನಿನಲ್ಲಿ ಅದನ್ನು ತಿದ್ದುತ್ತಾಳೆ. ಅದೇ ಹೊತ್ತಿಗೆ ಮಗಳು ಮನೆಯಲ್ಲಿ ತಿದ್ದುತ್ತಾಳೆ. ಐಮ್ಯಾಪಿನಲ್ಲಿ ಒಮ್ಮೆ ಸೇರಿದ ಪತ್ರದ ಒಂದಕ್ಷರವನ್ನೂ ಬದಲಿಸುವಂತಿಲ್ಲ. ತಿದ್ದುವುದೆಂದರೆ ಹೊಸದೊಂದನ್ನು ಸೇರಿಸಿ ಹಳೆಯದನ್ನು ಅಳಿಸುವುದು. ಆದ್ದರಿಂದ ಲ್ಯಾಪ್‌ಟಾಪ್ 53ನ್ನು ಸೇರಿಸಿ 52ನ್ನು ಅಳಿಸುತ್ತದೆ. ಬಸ್ಸು ಊರು ಮುಟ್ಟಿ ಫೋನಿಗೆ ನೆಟ್‌ವರ್ಕ್ ಸಿಕ್ಕಾಗ ಅದು 54ನ್ನು ಸೇರಿಸುತ್ತದೆ, 52ನ್ನು ಅಳಿಸಲು ನೋಡಿದರೆ ಅದು ಆಗಲೇ ಇಲ್ಲ. ಕೊನೆಗೆ 53, 54 ಎರಡೂ ಉಳಿಯುತ್ತವೆ. ಇದನ್ನೇ ಸಿಂಕ್ ಘರ್ಷಣೆ ಎನ್ನುವುದು.

ಕೆಲವು ತಂತ್ರಾಂಶಗಳು ಇಂಥಲ್ಲಿ ಕೊನೆಗೆ ಬಂದದ್ದನ್ನು ಇಟ್ಟುಕೊಂಡು ಮೊದಲಿನದ್ದನ್ನು ಬಿಸಾಡುತ್ತವೆ. ನೋಡಲು ಅಚ್ಚುಕಟ್ಟು, ಆದರೆ ಒಬ್ಬರು ಬರೆದದ್ದು ಸದ್ದಿಲ್ಲದೆ ಹೋಗಿಬಿಡುತ್ತದೆ. ಎರಡನ್ನೂ ಉಳಿಸುವ ದಾರಿಯೇ ನನಗೆ ಸರಿ ಎನಿಸುತ್ತದೆ. ಊರಿಗೆ ಹೋಗುವುದೋ ವಸ್ತುಪ್ರದರ್ಶನಕ್ಕೆ ಹೋಗುವುದೋ ಎಂಬುದು ಸರ್ವರಿಗೆ ತಿಳಿಯುವ ವಿಷಯವಲ್ಲ, ಅದನ್ನು ಮನೆಯವರು ಕೂತು ಮಾತಾಡಬೇಕು.

ನಿಮ್ಮ ಮನೆಯಲ್ಲೂ ಒಂದು ಕಡೆ ಇರುವ ಪತ್ರ ಇನ್ನೊಂದು ಕಡೆ ಕಾಣದಿದ್ದರೆ ಯಾವುದನ್ನೂ ಅಳಿಸಬೇಡಿ, ಇನ್ನೊಂದು ಉತ್ತರವನ್ನೂ ಬರೆಯಬೇಡಿ. ಮೊದಲು ಬ್ರೌಸರಿನಲ್ಲಿ ಸರ್ವರಿನ ಪೆಟ್ಟಿಗೆ ತೆರೆದು ನೋಡಿ.