ಹತ್ತು ವರ್ಷದ ಅಂಗಡಿ, ಒಂದು ರಿಯಾಯಿತಿಯ ಲೆಕ್ಕ



ಈ ಉಪನ್ಯಾಸ ಮಾಲೆಯಲ್ಲಿ ವಿದ್ವಾಂಸರು ಮಾತಾಡಿದ್ದನ್ನು ಕೇಳಿದ್ದೀರಿ. ಇವತ್ತು ಸೀರೆ ಮಾರುವವನನ್ನು ನಿಲ್ಲಿಸಿದ್ದೀರಿ. ನಾರಾಯಣಪೇಟೆಯ ನಮ್ಮ ಅಂಗಡಿಗೆ ಬರುವ ದಸರೆಗೆ ಹತ್ತು ವರ್ಷ ತುಂಬುತ್ತದೆ. ಗಿರಾಕಿಗಳಿಗೆ ಏನು ಕೊಡುತ್ತೀಯ ಎಂದು ಎಲ್ಲರೂ ಕೇಳುತ್ತಿದ್ದಾರೆ. ಅದನ್ನು ಕೊನೆಗೆ ಹೇಳುತ್ತೇನೆ. ಬರೀ ಶೇಕಡಾ ಹತ್ತು ಬಿಟ್ಟು ಕೈತೊಳೆದುಕೊಳ್ಳುವುದು ಯಾಕೆ ಬೇಡವೆನಿಸಿತು ಎಂಬುದನ್ನು ಮೊದಲು ಹೇಳಬೇಕು.

2016ರ ಅಕ್ಟೋಬರ್ 11ರ ವಿಜಯದಶಮಿಯಂದು ಅಂಗಡಿಯ ಪೂಜೆ ಆಯಿತು. ತೆಲಂಗಾಣದಲ್ಲಿ ಹೊಸ ಜಿಲ್ಲೆಗಳು ಹುಟ್ಟಿದ್ದೂ ಅದೇ ದಿನ. ಜೋಗುಳಾಂಬ ಗದ್ವಾಲ್ ಅಂದೇ ಜಿಲ್ಲೆಯಾಯಿತು. ನಾವು ಮಾತ್ರ ಮಹಬೂಬ್‌ನಗರದಲ್ಲೇ ಉಳಿದೆವು. 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆಯೂ ಜಿಲ್ಲೆಯಾದಾಗ ಬಿಲ್ ಪುಸ್ತಕ ಮತ್ತೆ ಅಚ್ಚು ಹಾಕಿಸಬೇಕಾಯಿತು.

ಪೂಜೆಯ ಕುಂಕುಮ ಮಾಸುವ ಮೊದಲೇ, ನವೆಂಬರ್ 8ರ ರಾತ್ರಿ, ಐನೂರು ಮತ್ತು ಸಾವಿರದ ನೋಟುಗಳು ರದ್ದಾದವು. ಎದುರಿಗೇ ಮದುವೆಯ ಸುಗ್ಗಿ. ಗಿರಾಕಿಗಳ ಕೈಯಲ್ಲಿ ನಡೆಯುವ ನೋಟಿಲ್ಲ, ನಮಗೋ ಮಗ್ಗದವರಿಗೆ ಕೊಡಬೇಕಾದ ಬಾಕಿ. ಆ ಹಂಗಾಮಿನಲ್ಲಿ ಉದ್ರಿ ಪುಸ್ತಕವೇ ಗಲ್ಲೆಯಾಯಿತು. ಹೆಸರು, ಊರು, ಸೀರೆಯ ಬಣ್ಣ, ಬಾಕಿ, ಇಷ್ಟೇ ಬರೆದುಕೊಂಡು ಕೊಟ್ಟೆವು. ಸಂಕ್ರಾಂತಿ ಕಳೆದ ಮೇಲೆ ಮಕ್ತಲ್ ಕಡೆಯ ಹಳ್ಳಿಯವರು, ಕೃಷ್ಣಾ ನದಿಯಾಚೆಯ ರಾಯಚೂರಿನವರು ಬಂದು ತಾವಾಗಿಯೇ ತೀರಿಸಿ ಹೋದರು. ನಾನು ಹೇಳಬೇಕಾದ ಮೊದಲ ಕೃತಜ್ಞತೆ ಅವರಿಗೆ.

ಈಗ ಸೀರೆಯ ವಿಷಯ. ನಾರಾಯಣಪೇಟೆ ಸೀರೆ ಎಂದರೆ ನಿಮಗೆ ಗೊತ್ತು, ಒಡಲಲ್ಲಿ ಚೌಕಳಿ, ದಡಿಯಲ್ಲಿ ಗುಡಿಯ ಗೋಪುರದಂಥ ಸಾಲು. ಇಲ್ಲಿಯ ಮಗ್ಗಕ್ಕೆ ಒಮ್ಮೆ ಏರಿಸುವ ಹಾಸು ವಾಡಿಕೆಯಲ್ಲಿ ಐವತ್ತಾರು ಗಜ. ಅದರಲ್ಲಿ ಎಂಟು ಸೀರೆ ಬರುತ್ತವೆ. ಹೊಕ್ಕಿನ ಬಣ್ಣ ಬದಲಿಸಬಹುದು, ಆದರೆ ಹಾಸು ಒಂದೇ. “ಇದೇ ಸೀರೆ, ದಡಿ ಮಾತ್ರ ಬೇರೆ, ಒಂದೇ ಒಂದು ನೇಯಿಸಿಕೊಡು” ಎಂದು ಅಕ್ಕಂದಿರು ಕೇಳಿದಾಗ ನಾನು ತಲೆ ಕೆರೆದುಕೊಳ್ಳುವುದು ಇದಕ್ಕೇ. ಆ ಒಂದು ಸೀರೆಯ ಬೆನ್ನಿಗೆ ಇನ್ನೂ ಏಳು ಇರುತ್ತವೆ, ಅವನ್ನು ಕೊಳ್ಳುವವರೂ ಬೇಕು.

ಗದ್ವಾಲ್ ಸೀರೆಯ ಕೆಲಸ ಬೇರೆ. ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಒಡಲಿಗೆ ಒಂದು ಲಾಳಿ, ಎರಡು ದಡಿಗೆ ಎರಡು, ಹೀಗೆ ಮೂರು ಲಾಳಿ ಓಡುತ್ತವೆ. ಒಡಲಿನ ಹೊಕ್ಕು ದಡಿಯೊಳಕ್ಕೆ ಹೋಗುವುದಿಲ್ಲ. ಗಡಿಯಲ್ಲಿ ದಡಿಯ ಎಳೆಯನ್ನು ಕೊಂಡಿಯಂತೆ ಹಿಡಿದು ಹಿಂದಿರುಗುತ್ತದೆ. ಪ್ರತಿ ಎಳೆಗೂ ಹೀಗೆ ಮಾಡಬೇಕು, ಆದ್ದರಿಂದ ಕೆಲಸ ನಿಧಾನ, ಬೆಲೆ ಹೆಚ್ಚು.

ಆ ಕೊಂಡಿಯೇ ಗದ್ವಾಲ್ ಸೀರೆಯ ಗುರುತು ಹಿಡಿಯುವ ದಾರಿಯೂ ಹೌದು. ಸೀರೆಯನ್ನು ಹಿಂದುಮುಂದು ಮಾಡಿ ದಡಿ ಒಡಲು ಸೇರುವ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ದಡಿಯ ಬಣ್ಣ ಅಪ್ಪಟವಾಗಿದ್ದು, ಗೆರೆಯಲ್ಲಿ ಎಳೆಗಳು ಒಂದನ್ನೊಂದು ಹಿಡಿದಿದ್ದರೆ ಅದು ಕೂಡಿಸಿ ನೇಯ್ದದ್ದು. ಒಡಲಿನ ಬಣ್ಣದ ಎಳೆ ದಡಿಯೊಳಗೂ ಅಡ್ಡ ಹಾದು ಬಣ್ಣ ಮಬ್ಬಾಗಿದ್ದರೆ ಒಂದೇ ಹೊಕ್ಕು ಆ ಅಂಚಿನಿಂದ ಈ ಅಂಚಿಗೆ ಓಡಿದೆ ಎಂದರ್ಥ. ಅದೂ ಸೀರೆಯೇ, ಆದರೆ ಅದಕ್ಕೆ ಗದ್ವಾಲಿನ ಬೆಲೆ ಕೊಡಬೇಡಿ.

ಇನ್ನು ರಿಯಾಯಿತಿ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿ ಹಿಡಿಯುತ್ತೇನೆ, ಸೀರೆಯ ಮೇಲಿನ ಶೇಕಡಾ ಐದರ ಜಿಎಸ್‌ಟಿ ಪಕ್ಕಕ್ಕಿಡೋಣ. ನೇಕಾರರಿಂದ 2,000 ರೂಪಾಯಿಗೆ ಕೊಂಡ ಸೀರೆಯನ್ನು 2,500ಕ್ಕೆ ಮಾರಿದೆ ಎನ್ನಿ. ನಡುವಿನ 500ರಲ್ಲಿ ಬಾಡಿಗೆ, ಕರೆಂಟು, ಹುಡುಗರ ಸಂಬಳ, ತಿಂಗಳುಗಟ್ಟಲೆ ಮಾರಾಟವಾಗದೆ ಕೂತ ಮಾಲಿನ ಬಡ್ಡಿ, ಎಲ್ಲ ಸೇರಿ 300 ಹೋದರೆ ಉಳಿಯುವುದು 200. ಶೇಕಡಾ ಹತ್ತು ಬಿಟ್ಟರೆ 250 ಹೋಯಿತು. ಅಂದರೆ ಐವತ್ತು ರೂಪಾಯಿ ಕೈಯಿಂದ ಹಾಕಿ ಮಾರಿದಂತೆ.

ವ್ಯಾಪಾರಿ ಕೈಯಿಂದ ಹಾಕಿ ಎಷ್ಟು ದಿನ ಮಾರಿಯಾನು? ಅವನಿಗಿರುವ ದಾರಿ ಎರಡು. ಮೊದಲನೆಯದು, ಚೀಟಿಯಲ್ಲಿ 2,800 ಬರೆದು ಶೇಕಡಾ ಹತ್ತು ಬಿಡುವುದು. ನೀವು 2,520 ಕೊಟ್ಟು ಖುಷಿಯಾಗಿ ಹೋಗುತ್ತೀರಿ, ಅವನಿಗೆ ಮೊದಲಿಗಿಂತ ಇಪ್ಪತ್ತು ಹೆಚ್ಚೇ ಸಿಕ್ಕಿರುತ್ತದೆ. ಎರಡನೆಯದು, ಮುಂದಿನ ಮಾಲು ತರುವಾಗ ನೇಕಾರರ ಬಳಿ ನೂರು ಇನ್ನೂರು ಜಗ್ಗುವುದು. ಇದರಿಂದ ಆಗುವ ಪೆಟ್ಟು ದೊಡ್ಡದು. ನೇಕಾರರ 2,000ದಲ್ಲಿ ನೂಲು, ಬಣ್ಣ, ಜರಿಗೆ 1,100 ಹೋದರೆ ಮನೆಮಂದಿಯ ದುಡಿಮೆಗೆ ಉಳಿಯುವುದು 900. ನಾನು 200 ಜಗ್ಗಿದೆನೆಂದು ನೂಲಿನವನು ಬೆಲೆ ಇಳಿಸುವುದಿಲ್ಲ. ಇಡೀ 200 ಆ 900ರಿಂದಲೇ ಹೋಗುತ್ತದೆ. ಅಂಗಡಿಯ ಬೋರ್ಡಿನಲ್ಲಿ ಶೇಕಡಾ ಹತ್ತು ಎಂದು ಕಂಡದ್ದು ಮಗ್ಗದ ಮನೆಯಲ್ಲಿ ಶೇಕಡಾ ಇಪ್ಪತ್ತೆರಡಾಗಿರುತ್ತದೆ.

ಇದು ನನಗೆ ಕಣ್ಣಿಗೆ ಕಟ್ಟಿದ್ದು 2020ರಲ್ಲಿ. ಯುಗಾದಿಯ ದಿನವೇ, ಮಾರ್ಚ್ 25ಕ್ಕೆ, ದೇಶವೆಲ್ಲ ಬಾಗಿಲು ಹಾಕಿತು. ಮದುವೆಯ ಹಂಗಾಮಿಗೆ ತಂದ ಮಾಲು ಕಪಾಟಿನಲ್ಲಿ, ನೇಯ್ದದ್ದು ನೇಕಾರರ ಮನೆಯಲ್ಲಿ. ಬಾಗಿಲು ತೆರೆದ ಮೇಲೆ ಅರ್ಧ ಬೆಲೆಗೆ ಎತ್ತಲು ಬಂದವರಿದ್ದರು. ಕೊಟ್ಟವರು ಮರುವರ್ಷ ಅದೇ ಬೆಲೆಯನ್ನು ಕೇಳಿಸಿಕೊಳ್ಳಬೇಕಾಯಿತು. ಒಮ್ಮೆ ಇಳಿದ ಬೆಲೆ ಏರುವುದು ಬಲು ಕಷ್ಟ.

ಆ ತಿಂಗಳುಗಳಲ್ಲಿ ಕಪಾಟಿನ ಸೀರೆಗಳನ್ನು ಬಿಚ್ಚಿ ಬಿಚ್ಚಿ ಮಡಿಕೆ ಬದಲಿಸುವುದೇ ನಮ್ಮ ಕೆಲಸವಾಗಿತ್ತು. ಒಂದೇ ಮಡಿಕೆಯಲ್ಲಿ ಬಹುಕಾಲ ಬಿಟ್ಟರೆ ಜರಿ ಆ ಗೆರೆಯಲ್ಲೇ ಮುರಿಯುತ್ತದೆ. ಗಂಜಿ ಹಾಕಿದ ಹತ್ತಿಯನ್ನು ಹುಳು ಹುಡುಕಿಕೊಂಡು ಬರುತ್ತದೆ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲೂ ಇದೇ ನಡೆಯುತ್ತಿರುತ್ತದೆ. ನನ್ನ ಕೊಡುಗೆ ಹೊಳೆದದ್ದು ಅಲ್ಲಿಂದ.

ಈ ದಸರೆಯ ಹತ್ತು ದಿನ, ನಮ್ಮಲ್ಲಿ ಯಾವ ವರ್ಷ ಕೊಂಡ ಸೀರೆಯನ್ನಾದರೂ ತನ್ನಿ. ಮನೆಗೊಂದು ಸೀರೆ. ಬಿಲ್ ಬೇಕಿಲ್ಲ, ನಮ್ಮ ಮಾಲು ನಮಗೆ ಗುರುತು ಸಿಗುತ್ತದೆ. ಫಾಲ್ ಬದಲಿಸಿ, ಸೆರಗಿಗೆ ಕುಚ್ಚು ಕಟ್ಟಿಸಿ, ಮಡಿಕೆ ತಿರುಗಿಸಿ ಕೊಡುತ್ತೇವೆ, ದುಡ್ಡಿಲ್ಲ. ಕುಚ್ಚು ಕಟ್ಟುವ ಅಕ್ಕಂದಿರಿಗೆ ಎಂದಿನ ಕೂಲಿಯೇ ಸಿಗುತ್ತದೆ, ಅದು ನಮ್ಮ ಗಲ್ಲೆಯಿಂದ. ದಡಿ ಒಡಲು ಕೂಡುವಲ್ಲಿ ಬೆರಳಗಲ ಬಿಟ್ಟಿದ್ದರೆ ರಫೂ ಮಾಡಿಸಬಹುದು. ರೇಷ್ಮೆಯೇ ಜೀರ್ಣವಾಗಿ ಸೀಳಿದ್ದರೆ ಆಗುವುದಿಲ್ಲ. ಅಂಥದ್ದನ್ನು ಮುಖಕ್ಕೇ ಹೇಳಿ ಹಿಂದಿರುಗಿಸುತ್ತೇವೆ, ಬೇಸರಪಡಬೇಡಿ.

ಹೊಸ ಸೀರೆಯ ಮೇಲೆ ಮಾತ್ರ ರಿಯಾಯಿತಿ ಇಲ್ಲ. ಚೌಕಾಸಿ ಮಾಡಬೇಡಿ ಎನ್ನುವುದಿಲ್ಲ, ಅದು ನಿಮ್ಮ ಹಕ್ಕು. ಆದರೆ ಬೆಲೆ ಕೇಳುವಾಗ ಇದರಲ್ಲಿ ಮಗ್ಗಕ್ಕೆ ಎಷ್ಟು ಹೋಯಿತು ಎಂದೂ ಕೇಳಿ. ಖರೀದಿಯ ಚೀಟಿ ತೋರಿಸುತ್ತೇನೆ. ಅದನ್ನು ನೋಡಿದ ಮೇಲೂ ಬೆಲೆ ಹೆಚ್ಚೆನಿಸಿದರೆ ನನ್ನ 200ರಲ್ಲಿ ಜಗ್ಗಿ, ಅವರ 900ಕ್ಕೆ ಕೈ ಹಾಕುವುದು ಬೇಡ.