ಚಿಂದಿ ಅಂದ್ರೆ ಹೊಗಳಿಕೆಯೇ?

ಗದಗ ಸೀಮೆಯ ಹುಲಕೋಟಿಯ ಹುಡುಗನೊಬ್ಬ ಗೆಳೆಯನಿಗೆ ‘ಪಿಚ್ಚರ್ ಚಿಂದಿ ಐತಿ’ ಎಂದು ಬರೆದರೆ ಅದು ಬೈಗುಳವಲ್ಲ, ಹೊಗಳಿಕೆ. ನಿಘಂಟಿನಲ್ಲಿ ಚಿಂದಿ ಎಂದರೆ ಹರಕು ಬಟ್ಟೆ. ‘ಬೌಲರನ್ನ ಚಿಂದಿ ಮಾಡಿದ’ ಎನ್ನುವಾಗ ಎದುರಾಳಿಯನ್ನು ಹರಿದು ಹಾಕಿದ ಎಂದರ್ಥ. ಹರಿದವನ ಸಾಮರ್ಥ್ಯವೇ ಮುಂದೆ ಆಟಕ್ಕೂ ಪಿಚ್ಚರಿಗೂ ಗುಣವಾಗಿ ಅಂಟಿಕೊಂಡಿರಬೇಕು. ಆದರೆ ‘ಅಂಗಿ ಚಿಂದಿ ಆತು’ ಎಂದರೆ ಹಳೆಯ ಅರ್ಥವೇ. ಆದ್ದರಿಂದ ಪದವನ್ನಷ್ಟೇ ಹಿಡಿದು ಕೂತರೆ ಅರ್ಥ ಸಿಗದು. ಯಾವುದರ ಬಗ್ಗೆ ಮಾತು, ಜೊತೆಗಿರುವ ಕ್ರಿಯಾಪದ ಯಾವುದು, ಬಂದ ಉತ್ತರವೇನು ಎಂಬುದನ್ನು ನೋಡಬೇಕು. ಮೊಬೈಲಿನ ಬರವಣಿಗೆಗೆ ಇದು ಇನ್ನೂ ಅಗತ್ಯ. `uta ata` ಎಂಬಲ್ಲಿ ದೀರ್ಘವೂ ಇಲ್ಲ, ತ-ಟ ಭೇದವೂ ಇಲ್ಲ. ಗದಗ ಸೀಮೆಯ ‘ಆತು’ ಗೊತ್ತಿದ್ದವರಿಗೆ ಮಾತ್ರ ಅದು ‘ಊಟ ಆತ?’ ಎಂಬ ಪ್ರಶ್ನೆ. ಗೊತ್ತಿಲ್ಲದವರು ‘ಊಟ, ಆಟ’ ಎಂದು ಓದಿಯಾರು.

ಇಂಥ ಹೊಸ ಮಾತುಗಳಿಂದ ಭಾಷೆ ಕೆಡುತ್ತದೆ ಎನ್ನುವವರಿದ್ದಾರೆ. ಆದರೆ ‘ಚಿಂದಿ ಐತಿ’ಯ ವ್ಯಾಕರಣ ಅಪ್ಪಟ ಕನ್ನಡದ್ದೇ, ಬದಲಾದದ್ದು ಒಂದು ಪದದ ಅರ್ಥ ಮಾತ್ರ. ನಾಲ್ಕು ವರ್ಷಕ್ಕೆ ಸಾಯುವ ಇಂಥ ಮಾತಿಗೆ ನಿಘಂಟೇಕೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೇಗ ಸಾಯುವುದನ್ನೇ ಬೇಗ ಬರೆದಿಡಬೇಕು. ಕಿಟೆಲ್ಲರ ನಿಘಂಟು 1894ರಲ್ಲಿ ಬಂತು. ಅದು ಹಿಡಿದಿಟ್ಟ ಆಡುಮಾತು ಇಂದಿಗೂ ನಮಗೆ ಆಧಾರ. ಮಕ್ಕಳ ಬಾಯಲ್ಲಿ ಹೊಸ ಮಾತು ಕೇಳಿದರೆ ಗದರಬೇಡಿ. ಇಡೀ ವಾಕ್ಯವನ್ನು ಊರು, ಇಸವಿ ಸಮೇತ ಬರೆದಿಡಿ.