ಮಳೆಯ ದಿನದ ಓದುಪಾಠ: ಹಂತ ಅಳೆಯುವುದು ಹೇಗೆ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಿಂದ ಬಂದಿರುವ ಶಿಕ್ಷಕ ಬಂಧುಗಳೇ, ಎರಡನೇ ತರಗತಿಯ ಮಕ್ಕಳಿಗೆ ಮಳೆಯ ದಿನದ ಮೇಲೊಂದು ಸಣ್ಣ ಓದುಪಾಠ, ಅದರ ಕೆಳಗೆ ಕೆಲವು ಪ್ರಶ್ನೆ. ಇಂದು ನಾವು ಕೂತಿರುವುದು ಇಷ್ಟಕ್ಕೇ. ಆ ಪಾಠದ ಹಂತವನ್ನು ಪದ ಎಣಿಸಿ ಗೊತ್ತುಮಾಡಬಾರದು ಎಂಬುದು ನನ್ನ ವಾದ. ‘ಮಳೆ ಬಂತು’ ಎರಡು ಪದ, ಒಂದೂ ಒತ್ತಕ್ಷರವಿಲ್ಲ. ‘ಇದ್ದಕ್ಕಿದ್ದಂತೆ’ ಒಂದೇ ಪದ. ಅದರಲ್ಲಿ ಮೂರು ಒತ್ತು. ಪದದ ಲೆಕ್ಕದಲ್ಲಿ ಮೊದಲನೆಯದೇ ಭಾರ! ಕನ್ನಡದ ಮಕ್ಕಳು ಅಕ್ಷರಗಳನ್ನೆಲ್ಲ ಕೈವಶ ಮಾಡಿಕೊಳ್ಳಲು ಒಂದೆರಡು ವರ್ಷ ಸಾಲದು ಎಂದು ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ನಿಪುಣ್ ಭಾರತ್ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದಗಳ ಗುರಿ ಇಟ್ಟಿದೆಯಲ್ಲ ಎಂದು ನೀವು ಕೇಳಬಹುದು. ಇರಲಿ. ಆದರೆ ಒತ್ತಿನ ಭಾರ ಸಮನಾಗಿರುವ ಪಾಠಗಳ ನಡುವೆ ಮಾತ್ರ ಆ ವೇಗವನ್ನು ಹೋಲಿಸಲು ಬರುತ್ತದೆ.

ಈ ನಾಲ್ಕು ಸಾಲು ನೋಡಿ: “ಮಳೆ ಬಂತು. ಅವ್ವ ಮಾಳಿಗೆ ಹತ್ತಿದಳು. ಬೆಳಕಿಂಡಿ ಮುಚ್ಚಿದಳು. ಗಿರಿಜಾ ಅಂಗಳದ ಶೇಂಗಾ ಒಳಗೆ ತಂದಳು.” ಹನ್ನೆರಡು ಪದ, ಮೂರು ಒತ್ತು, ಮೂರೂ ಸಜಾತೀಯ. ಮುಂದಿನ ಹಂತಕ್ಕೆ ಕಥೆ ಬದಲಿಸಬೇಕಿಲ್ಲ. ‘ಇದ್ದಕ್ಕಿದ್ದಂತೆ’ಯನ್ನೋ, ವಿಜಾತೀಯ ಒತ್ತಿರುವ ‘ರಸ್ತೆ’ಯನ್ನೋ ಸೇರಿಸಿದರೆ ಸಾಕು. ಇನ್ನು ಪ್ರಶ್ನೆ. ‘ಮಾಳಿಗೆ ಹತ್ತಿದವರು ಯಾರು?’ ಎಂದರೆ ಮಗು ‘ಅವ್ವ’ ಎಂದು ಬರೆಯುತ್ತದೆ, ನಾವು ಸರಿ ಹಾಕುತ್ತೇವೆ. ಆದರೆ ‘ಗೊಬ ಟಿಮೆ ಹತ್ತಿತು’ ಎಂದು ಬರೆದು, ಟಿಮೆ ಹತ್ತಿದ್ದು ಯಾವುದು ಎಂದು ಕೇಳಿ. ಅರ್ಥವೇ ಇಲ್ಲದ ಆ ಸಾಲಿಗೂ ‘ಗೊಬ’ ಎಂಬ ಸರಿಯುತ್ತರ ಬರುತ್ತದೆ. ಅದು ಗ್ರಹಿಕೆಯಲ್ಲ, ಜಾಗ ಹುಡುಕುವ ಜಾಣತನ. ‘ಅವ್ವ ಬೆಳಕಿಂಡಿ ಏಕೆ ಮುಚ್ಚಿದಳು?’ ಎಂಬುದಕ್ಕೆ ಪಾಠದಲ್ಲಿ ಉತ್ತರವಿಲ್ಲ. ಮಳೆಯನ್ನೂ ಕಿಂಡಿಯನ್ನೂ ಮಗುವೇ ಜೋಡಿಸಬೇಕು. ಇಂಥ ಒಂದು ಪ್ರಶ್ನೆಯಾದರೂ ಇರಲೇಬೇಕು. ಅದಕ್ಕೆ ಉತ್ತರ ಬಾರದಿದ್ದರೆ ಪಾಠವನ್ನು ನೀವೇ ಓದಿ ಹೇಳಿ, ಅದನ್ನೇ ಬಾಯಲ್ಲಿ ಕೇಳಿ. ಈಗ ಉತ್ತರ ಬಂದರೆ ತೊಡಕು ಅಕ್ಷರದಲ್ಲಿದೆ. ಆಗಲೂ ಬಾರದಿದ್ದರೆ ಮಾತಿನಲ್ಲೋ ಅನುಭವದಲ್ಲೋ ಇದೆ.

ಅನುಭವದ ಮಾತು ಬಂದದ್ದರಿಂದ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಮಣ್ಣಿನ ಮಾಳಿಗೆಯ ಹಳ್ಳಿಯ ಮಗುವಿಗೆ ಬೆಳಕಿಂಡಿ ಗೊತ್ತು. ನವನಗರದ ಆರ್‌ಸಿಸಿ ಮನೆಯ ಮಗು ಅದನ್ನು ನೋಡಿರಲಿಕ್ಕಿಲ್ಲ. ಅಲ್ಲಿ ಈ ಪ್ರಶ್ನೆ ಓದನ್ನಲ್ಲ, ಮನೆಯನ್ನು ಪರೀಕ್ಷಿಸುತ್ತದೆ. ಒಪ್ಪುತ್ತೇನೆ. ಹಾಗೆಂದು ಎಲ್ಲರಿಗೂ ಕಾಗದದ ದೋಣಿ, ಬಣ್ಣದ ಕೊಡೆಯ ಒಂದೇ ಪಾಠ ಹಂಚಿದರೆ ಅದೂ ಯಾರದೋ ಮನೆಯ ಮಳೆಯೇ. ನವನಗರಕ್ಕೆ ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಇರಲಿ, ಇಳಕಲ್‌ನ ನೇಕಾರರ ಓಣಿಗೆ ಮಗ್ಗದ ಗುಂಡಿಗೆ ನುಗ್ಗುವ ನೀರು ಇರಲಿ. ಒತ್ತಿನ ಲೆಕ್ಕ, ವಾಕ್ಯದ ಉದ್ದ, ಪ್ರಶ್ನೆಯ ಬಗೆ ಮೂರೂ ಕಡೆ ಒಂದೇ ಆಗಿದ್ದರೆ ಹಂತವೂ ಹೆಚ್ಚುಕಡಿಮೆ ಒಂದೇ. ಮಧ್ಯಾಹ್ನದ ಗುಂಪುಗಳಲ್ಲಿ ನೀವು ಪಾಠ ಬರೆಯುವಾಗ ಮೊದಲು ಒತ್ತುಗಳಿಗೆ ಗೆರೆ ಎಳೆಯಿರಿ, ಆಮೇಲೆ ಪ್ರಶ್ನೆಗೆ ಕೈಹಾಕಿ.